ಬರೆದರೋ, ಸಂಪಾದಿಸಿದರೋ?

ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಬೀಳ್ಕೊಡುಗೆ ಸಭೆಯಲ್ಲಿ ಮಾತಾಡುವ ಸರದಿ ನನ್ನದಾಗಿತ್ತು. ನಿವೃತ್ತರಾಗುತ್ತಿದ್ದವರು ಪ್ರಾಕೃತದ ಪ್ರಾಧ್ಯಾಪಕರು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದಿತ್ತು. ನಾನು ಮೈಕಿನ ಮುಂದೆ ನಿಂತು, ಇವರು ಹದಿನಾಲ್ಕು ಗ್ರಂಥ ಬರೆದಿದ್ದಾರೆ ಎಂದೆ. ಚಪ್ಪಾಳೆ ಬಿತ್ತು. ಕೊನೆಯಲ್ಲಿ ಅವರು ಉತ್ತರ ಹೇಳಲು ಎದ್ದು, "ನಾನು ಬರೆದದ್ದು ಎರಡೇ. ಉಳಿದ ಹನ್ನೆರಡನ್ನು ಬರೆದವರು ತೀರಿಹೋಗಿ ಸಾವಿರ ವರ್ಷವಾಯಿತು. ನಾನು ಸಂಪಾದಿಸಿದೆ ಅಷ್ಟೆ" ಎಂದರು. ಹಿಂದಿನ ಸಾಲಿನಿಂದ ಯಾರೋ "ಎಷ್ಟು ಸಂಪಾದಿಸಿದಿರಿ ಸಾರ್?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. ನನಗೆ ಮಾತ್ರ ಕೂತ ಕುರ್ಚಿ ಬಿಸಿಯಾಯಿತು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಾಗ ಆ ಸಭೆಯೇ ನೆನಪಾಯಿತು. ಅವಳು ಈಗ ಧರ್ಮ ಅಧ್ಯಯನದ ಒಂದು ವಿಭಾಗದಲ್ಲಿ ಅಧ್ಯಾಪಕಿ. "ಸರ್, ನಮ್ಮ ಹೆಚ್ಓಡಿ ಮೇಡಂ ಈ ತಿಂಗಳು ರಿಟೈರ್ ಆಗ್ತಾರೆ. ಅಭಿನಂದನಾ ಭಾಷಣ ನನಗೇ ಬಿದ್ದಿದೆ, ಎಂಟು ನಿಮಿಷ. ಬರೆದಿದ್ದೀನಿ, ಒಂದು ಸಲ ನೋಡಿ" ಎಂದಳು. ನೋಡಿದೆ. ಜ್ಞಾನಸಾಗರ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಪಾರ ಕೊಡುಗೆ, ತುಂಬಲಾರದ ನಷ್ಟ. ಮೇಡಂ ಇನ್ನೂ ಬದುಕಿದ್ದಾರಮ್ಮ ಎಂದು ಹೇಳಬೇಕಾಯಿತು. ಹೆಸರೊಂದನ್ನು ಬದಲಿಸಿದರೆ ಆ ಭಾಷಣವನ್ನು ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೂ ಓದಬಹುದಿತ್ತು.

ನೇರವಾಗಿ ಮೇಡಂ ವಿಷಯಕ್ಕೆ ಹೋಗುವುದು ಬೇಡ, ಮೊದಲು ಬೇರೆಯವರ ಮೇಲೆ ಕೈ ಪಳಗಿಸಿಕೊಳ್ಳೋಣ ಎಂದೆ. ಆರಿಸಿಕೊಂಡದ್ದು ಡಾ. ಆ. ನೇ. ಉಪಾಧ್ಯೆ ಅವರನ್ನು. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮೈಸೂರು ವಿಶ್ವವಿದ್ಯಾನಿಲಯ 1971ರಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾದರು. ತೀರಿಕೊಂಡದ್ದು 1975ರಲ್ಲಿ. ಅವರ ಪುಸ್ತಕಗಳು ಇಂದಿಗೂ ಗ್ರಂಥಾಲಯಗಳಲ್ಲಿ ಸಿಗುತ್ತವೆ, ಅಭ್ಯಾಸಕ್ಕೆ ಅನುಕೂಲ. ಅವರನ್ನು ನಾವೇ ಬೀಳ್ಕೊಡುತ್ತಿದ್ದೇವೆ ಎಂದುಕೊಂಡರೆ ಎಂಟು ನಿಮಿಷದಲ್ಲಿ ಏನು ಹೇಳಬಹುದು?

ಅವಳು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಪಟ್ಟಿ. 'ಪ್ರವಚನಸಾರ' 1935, 'ಪರಮಾತ್ಮಪ್ರಕಾಶ' 1937, 'ವರಾಂಗಚರಿತ' 1938, 'ಬೃಹತ್ಕಥಾಕೋಶ' 1943, ಹೀಗೆ 'ಕುವಲಯಮಾಲಾ'ದವರೆಗೆ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಅದು ಕಿವಿಗೆ ಹೋಗುವುದಿಲ್ಲ. ಮೂರನೆಯ ಹೆಸರಿಗೆ ಸಭಿಕರು ಮೊಬೈಲ್ ತೆಗೆಯುತ್ತಾರೆ. ಪಟ್ಟಿಯನ್ನು ಆಹ್ವಾನ ಪತ್ರಿಕೆಯ ಹಿಂಬದಿಗೆ ಹಾಕಿಸು, ಭಾಷಣಕ್ಕೆ ಒಂದೇ ಪುಸ್ತಕ ಇಟ್ಟುಕೋ ಎಂದೆ. ನಿಧಾನವಾಗಿ ಓದಿದರೆ ನಿಮಿಷಕ್ಕೆ ತೊಂಬತ್ತು ಪದ ದಾಟುವುದಿಲ್ಲ. ಎಂಟು ನಿಮಿಷವೆಂದರೆ ಏಳುನೂರು ಪದ. ಸಭಾಸಂಬೋಧನೆ, ಕುಟುಂಬದವರ ಹೆಸರು, ವಿಭಾಗದ ನೆನಪುಗಳು ಕಳೆದರೆ ವಿದ್ವತ್ತಿಗೆ ಉಳಿಯುವುದು ಮುನ್ನೂರು. ಒಂದು ಕೆಲಸವನ್ನು ಬಿಡಿಸಿ ಹೇಳಲು ಅಷ್ಟು ಬೇಕೇ ಬೇಕು.

ನಾವು ಆರಿಸಿದ್ದು 'ವರಾಂಗಚರಿತ'. ಇದು ಮೂವತ್ತೊಂದು ಸರ್ಗಗಳ ಸಂಸ್ಕೃತ ಕಾವ್ಯ. ವರಾಂಗನೆಂಬ ರಾಜಕುಮಾರನನ್ನು ಕುದುರೆಯೊಂದು ಕಾಡಿಗೆ ಹೊತ್ತೊಯ್ಯುತ್ತದೆ. ಅವನು ಹೆಸರು ಮರೆಸಿಕೊಂಡು ವರ್ತಕರ ನಡುವೆ ಬಾಳುತ್ತಾನೆ, ಮತ್ತೆ ರಾಜನಾಗುತ್ತಾನೆ, ಕೊನೆಗೆ ಎಲ್ಲ ಬಿಟ್ಟು ಮುನಿಯಾಗುತ್ತಾನೆ. ಕಥೆ ಇಷ್ಟು. ಸಮಸ್ಯೆ ಇದ್ದದ್ದು ಕಥೆಯಲ್ಲಲ್ಲ, ಕವಿ ಯಾರು ಎಂಬುದರಲ್ಲಿ. ಉಪಾಧ್ಯೆಯವರ ಕೈಗೆ ಬಂದ ತಾಳೆಗರಿಗಳಲ್ಲಿ ಪ್ರತಿ ಸರ್ಗದ ಕೊನೆಗೂ ಕಾವ್ಯದ ಹೆಸರಿದೆ, ಬರೆದವನ ಹೆಸರಿಲ್ಲ.

ಹಾಗಾದರೆ ಹೊರಗೆ ಹುಡುಕಬೇಕು. ಜಿನಸೇನರು 783ರಲ್ಲಿ ಮುಗಿಸಿದ 'ಹರಿವಂಶಪುರಾಣ'ದ ಆರಂಭದಲ್ಲಿ ಹಿಂದಿನ ಕವಿಗಳ ಸ್ತುತಿ ಬರುತ್ತದೆ. ಒಂದು ಶ್ಲೋಕ ಜೈನ ರಾಮಾಯಣ ಬರೆದ ರವಿಷೇಣರದ್ದು. ಅದರ ಬೆನ್ನಿಗೇ ಬರುವ ಶ್ಲೋಕ 'ವರಾಂಗಚರಿತ'ವನ್ನು ಹೊಗಳುತ್ತದೆ, ಕವಿಯ ಹೆಸರು ಹೇಳುವುದಿಲ್ಲ. ಒಂದರ ಪಕ್ಕ ಒಂದು ಇದ್ದುದರಿಂದ ಎರಡೂ ರವಿಷೇಣರದ್ದೇ ಎಂದು ಓದಿಬಿಡುವುದು ಸುಲಭ. ಹಾಗೆ ಓದಿದವರೂ ಇದ್ದರು. ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಡಿಸಿದ್ದನ್ನು ನಮ್ಮ ಎಲೆಗೆ ಸೇರಿಸಿ ಲೆಕ್ಕ ಹಾಕಿದ ಹಾಗೆ.

ಈ ಗಂಟು ಸಡಿಲವಾಗುವುದು ಬೇರೆ ಭಾಷೆಯ ಪುಸ್ತಕದಲ್ಲಿ. ರಾಜಸ್ಥಾನದ ಜಾಲೋರಿನಲ್ಲಿ 779ರಲ್ಲಿ ಉದ್ಯೋತನಸೂರಿ ಮುಗಿಸಿದ ಪ್ರಾಕೃತ ಕೃತಿ 'ಕುವಲಯಮಾಲಾ'. ಅಲ್ಲಿಯೂ ಹಿಂದಿನ ಕವಿಗಳ ಸ್ಮರಣೆಯಿದೆ. ಒಂದೇ ಪದ್ಯದಲ್ಲಿ ವರಾಂಗನ ಕಥೆ, ಪದ್ಮನ ಕಥೆ ಎಂದು ಎರಡು ಕೃತಿಗಳನ್ನೂ, ಜಡಿಯ, ರವಿಷೇಣ ಎಂದು ಇಬ್ಬರು ಕವಿಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿ ಹೇಳಿದೆ. ರವಿಷೇಣರದ್ದು ಪದ್ಮನ ಕಥೆ ಎಂಬುದು ಗೊತ್ತೇ ಇತ್ತು. ಅಂದಮೇಲೆ ವರಾಂಗನ ಕಥೆ ಜಡಿಯನದ್ದು. ಜಡಿಯ ಎಂದರೆ ಸಂಸ್ಕೃತದ ಜಟಿಲ, ಜಟೆಯುಳ್ಳವನು.

ಅಷ್ಟಾದರೂ ಅದು ಅಡ್ಡಹೆಸರು. ಪೂರ್ತಿ ಹೆಸರು ಸಿಕ್ಕಿದ್ದು ಕನ್ನಡದಲ್ಲಿ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ 978ರಲ್ಲಿ ಬರೆದ ಗದ್ಯಪುರಾಣದಲ್ಲಿ ನಡುವೆ ಒಂದು ಸಂಸ್ಕೃತ ಪದ್ಯವನ್ನು ಎತ್ತಿಕೊಂಡು, ಇದು ಜಟಾಸಿಂಹನಂದಿ ಆಚಾರ್ಯರದ್ದು ಎಂದು ಹೆಸರು ಹಿಡಿದು ಹೇಳಿದ್ದಾನೆ. ಆ ಪದ್ಯ 'ವರಾಂಗಚರಿತ'ದ ಮೊದಲ ಸರ್ಗದಲ್ಲೇ ಇದೆ. ಪ್ರಾಕೃತ ಬಲ್ಲವರಿಗೆ ಹಳಗನ್ನಡ ಬರದೆ, ಹಳಗನ್ನಡ ಬಲ್ಲವರು ಪ್ರಾಕೃತದ ಕಡೆ ಹೋಗದೆ ಇದ್ದರೆ ಈ ಎರಡು ತುಂಡುಗಳು ಒಂದೆಡೆ ಸೇರುವುದಿಲ್ಲ. ಉಪಾಧ್ಯೆಯವರಿಗೆ ಎರಡೂ ಬರುತ್ತಿದ್ದವು. ಇದನ್ನು ಬಹುಭಾಷಾ ಪಂಡಿತರು ಎಂದು ಎರಡು ಪದದಲ್ಲಿ ಮುಗಿಸಿಬಿಟ್ಟರೆ ಆ ಭಾಷೆಗಳು ಯಾವ ಕೆಲಸಕ್ಕೆ ಬಂದವು ಎಂಬುದೇ ತಿಳಿಯದೆ ಹೋಗುತ್ತದೆ.

ಇಲ್ಲಿಗೆ ಬಂದಾಗ ಅವಳು ಉತ್ಸಾಹದಿಂದ ಕೊಪ್ಪಳವನ್ನೂ ಸೇರಿಸಿದಳು. ಕೊಪ್ಪಳದ ಗುಡ್ಡದ ಬಂಡೆಯ ಮೇಲೆ ಕೆತ್ತಿದ ಪಾದಗಳಿವೆ, ಜೊತೆಗೆ ಎರಡು ಸಾಲಿನ ಹಳಗನ್ನಡ ಶಾಸನ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದ ಎಂದು ಅದು ಹೇಳುತ್ತದೆ. "ಸರ್, ಕವಿ ಕೊಪ್ಪಳದಲ್ಲಿ ಸಲ್ಲೇಖನ ಮಾಡಿದ ಅಂತ ಉಪಾಧ್ಯೆ ಸಾಬೀತು ಮಾಡಿದರು ಅಂತ ಹಾಕ್ಲಾ?" ಎಂದಳು. ಬೇಡ ಎಂದೆ. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗುವುದಿಲ್ಲ, ಜೈನ ಮುನಿಗಳಲ್ಲಂತೂ ಒಂದೇ ಹೆಸರಿನವರು ಶತಮಾನಗಳುದ್ದಕ್ಕೂ ಸಿಗುತ್ತಾರೆ. ಈ ಹೆಸರು ಅಪರೂಪದ್ದು, ಆದ್ದರಿಂದ ಊಹೆ ಬಲವಾದದ್ದು. ಅದಕ್ಕೆ ತಕ್ಕ ಪದ 'ಇರಬಹುದು'. ಅಭಿನಂದನೆಯ ಉಬ್ಬಿನಲ್ಲಿ 'ಇರಬಹುದು'ಗಳೆಲ್ಲ 'ಇದೆ'ಗಳಾಗಿಬಿಡುತ್ತವೆ. ಜೀವಮಾನವಿಡೀ ಆ ಎರಡರ ನಡುವಿನ ಅಂತರ ಕಾಯ್ದುಕೊಂಡು ಬಂದವರಿಗೆ ಅದನ್ನು ವೇದಿಕೆಯ ಮೇಲೆ ಕೂತು ಕೇಳುವುದು ಕಷ್ಟ.

ಕ್ರಿಯಾಪದಗಳ ಬಗ್ಗೆ ಅರ್ಧ ದಿನ ಹಿಡಿಯಿತು. 'ವರಾಂಗಚರಿತ'ವನ್ನು ಉಪಾಧ್ಯೆ ಬರೆಯಲಿಲ್ಲ, ಸಂಪಾದಿಸಿದರು. ಹಾಗೆಂದರೆ ಏನು ಮಾಡಿದರು ಎಂದು ಸಭೆಗೆ ಹೇಳದಿದ್ದರೆ ನನಗಾದ ಗತಿಯೇ ಅವಳಿಗೂ ಆಗುತ್ತದೆ. ಒಂದೇ ಕೃತಿಯ ಬೇರೆ ಬೇರೆ ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸುವುದು, ಒಂದರಲ್ಲಿ ಒಂದು ಪದ, ಇನ್ನೊಂದರಲ್ಲಿ ಇನ್ನೊಂದು ಕಂಡರೆ ಯಾವುದು ಕವಿಯದು, ಯಾವುದು ಪ್ರತಿಕಾರನ ಕೈತಪ್ಪು ಎಂದು ತೂಗುವುದು, ಒಪ್ಪಿದ್ದನ್ನು ಮೇಲೆ ಅಚ್ಚುಹಾಕಿ ಬಿಟ್ಟದ್ದನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು. ಕೊನೆಯದು ಮುಖ್ಯ. ಮುಂದೆ ಯಾರಾದರೂ ನಿಮ್ಮ ತೀರ್ಮಾನ ತಪ್ಪು ಎನ್ನಬೇಕಾದರೆ ಬೇಕಾದ ಸಾಮಗ್ರಿಯನ್ನು ನೀವೇ ಅವರ ಕೈಗೆ ಕೊಟ್ಟಿರುತ್ತೀರಿ.

ಕನ್ನಡ ಲಿಪಿಯ ಓಲೆಗರಿ ಓದುವುದು ಹೇಗಿರುತ್ತದೆ ಎಂದು ಸಭೆಗೆ ತೋರಿಸಲು ಒಂದು ಸಣ್ಣ ಉಪಾಯ ಹೇಳಿದೆ. 'ಪ' ಮತ್ತು 'ವ' ಎರಡನ್ನೂ ದೊಡ್ಡದಾಗಿ ಬರೆದು ಹಲಗೆಯ ಮೇಲೆ ಇಡು. ಕಂಠದ ಮೊನೆಯಲ್ಲಿ ಕೊರೆದ ಗೆರೆ, ಅದರ ಮೇಲೆ ಮಸಿ, ಹುಳು ತಿಂದ ತೂತು, ಪದಗಳ ನಡುವೆ ಜಾಗವಿಲ್ಲ. ಆಗ 'ಪನ' ಯಾವುದು, 'ವನ' ಯಾವುದು? ಇಂಥ ಒಂದು ಅಕ್ಷರದ ಮುಂದೆ ಒಂದು ಬೆಳಗು ಕಳೆದವರ ತಾಳ್ಮೆಯನ್ನು ಹೊಗಳಲು ವಿಶೇಷಣ ಬೇಕಿಲ್ಲ, ಆ ಬೆಳಗನ್ನು ಹೇಳಿದರೆ ಸಾಕು.

ಇನ್ನೊಂದು ಮಾತು ಜೊತೆಗಾರರದ್ದು. 'ತಿಲೋಯಪಣ್ಣತ್ತಿ'ಯನ್ನು ಉಪಾಧ್ಯೆ ಒಬ್ಬರೇ ಹೊರತರಲಿಲ್ಲ, ಹೀರಾಲಾಲ್ ಜೈನ್ ಜೊತೆಗಿದ್ದರು. ನಿವೃತ್ತರಾಗುವವರ ಮೇಲಿನ ಪ್ರೀತಿಯಲ್ಲಿ ಇನ್ನೊಬ್ಬರ ಹೆಸರು ಬಿಟ್ಟರೆ ಮೊದಲು ಮುಜುಗರವಾಗುವುದು ನಿವೃತ್ತರಾಗುವವರಿಗೇ.

ಅಭಿಪ್ರಾಯ ಬದಲಾದ ಕಡೆಗಳನ್ನು ಏನು ಮಾಡುವುದು? ಅವಳು ಕೇಳಿದ ಒಳ್ಳೆಯ ಪ್ರಶ್ನೆ ಇದೇ. 1935ರ 'ಪ್ರವಚನಸಾರ'ದ ದೊಡ್ಡ ಪ್ರಸ್ತಾವನೆಯಲ್ಲಿ ಉಪಾಧ್ಯೆ ಕುಂದಕುಂದಾಚಾರ್ಯರನ್ನು ಕ್ರಿಸ್ತಶಕದ ಆರಂಭದ ಹೊತ್ತಿಗೆ ಇಟ್ಟರು. ಆಮೇಲಿನ ಹಲವು ವಿದ್ವಾಂಸರು ಅದನ್ನು ಒಪ್ಪದೆ ಕೆಲವು ಶತಮಾನ ಈಚೆಗೆ ತಂದಿದ್ದಾರೆ. ಇದನ್ನು ಬೀಳ್ಕೊಡುಗೆಯಲ್ಲಿ ಎತ್ತಬೇಕೆ? ನನ್ನ ಮಟ್ಟಿಗೆ, ಆ ಕೃತಿಯ ಹೆಸರು ಎತ್ತಿದರೆ ಇದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ವಿರೋಧಿಸುವವರೂ ಮೊದಲು ಉಪಾಧ್ಯೆ ಒಂದೆಡೆ ಕಲೆಹಾಕಿದ ಆಧಾರಗಳನ್ನು ದಾಟಿಯೇ ಮುಂದೆ ಹೋಗಬೇಕು, ಅದನ್ನು ಹೇಳಿದರೆ ಗೌರವ ಕಡಿಮೆಯಾಗುವುದಿಲ್ಲ. ಕಾಲ ನಿರ್ಣಯಿಸಿದರು ಎನ್ನುವ ಬದಲು ಕಾಲದ ಬಗ್ಗೆ ಒಂದು ವಾದ ಕಟ್ಟಿದರು ಎಂದರೆ ಸರಿಹೋಗುತ್ತದೆ.

ಧರ್ಮ ಅಧ್ಯಯನದ ವಿಭಾಗಕ್ಕೆ ಮಾತ್ರ ಇರುವ ತೊಡಕು ಒಂದಿದೆ. ಸಭೆಯಲ್ಲಿ ಸ್ವಾಮೀಜಿಯೋ ಭಟ್ಟಾರಕರೋ ಕೂತಿರುತ್ತಾರೆ, ಹಣ ಕೊಟ್ಟ ಟ್ರಸ್ಟಿನವರು ಇರುತ್ತಾರೆ. ಅವರನ್ನು ಮೆಚ್ಚಿಸಲು ಭಾಷಣಕಾರರು ಪ್ರಾಧ್ಯಾಪಕರನ್ನು ಧರ್ಮಪ್ರಸಾರಕರನ್ನಾಗಿ ಮಾಡಿಬಿಡುತ್ತಾರೆ. ವಿಭಾಗದ ಕೆಲಸ ಧರ್ಮವನ್ನು ಬೋಧಿಸುವುದಲ್ಲ, ಧರ್ಮದ ಬಗ್ಗೆ ತಿಳಿಯುವುದು. ಉಪಾಧ್ಯೆ ದಿಗಂಬರ ಮನೆತನದವರು. ಆದರೂ 1933ರಷ್ಟು ಹಿಂದೆಯೇ ಯಾಪನೀಯ ಸಂಘದ ಮೇಲೆ ಲೇಖನ ಬರೆದರು. ಯಾಪನೀಯರು ನಮ್ಮ ಉತ್ತರ ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ, ಆಮೇಲೆ ಕಣ್ಮರೆಯಾದ ಜೈನ ಪಂಥದವರು. ಅವರ ಮುನಿಗಳು ದಿಗಂಬರರಂತೆ ಬತ್ತಲೆ, ಆದರೆ ಹೆಣ್ಣು ಅದೇ ಜನ್ಮದಲ್ಲಿ ಮೋಕ್ಷ ಪಡೆಯಬಲ್ಲಳು ಎಂಬುದರಲ್ಲಿ ಶ್ವೇತಾಂಬರರ ಜೊತೆ. ತನ್ನ ಮನೆತನದ ಸಂಪ್ರದಾಯ ಒಪ್ಪದ ಪಂಥವೊಂದನ್ನು ಶಾಸನ, ಗ್ರಂಥ ಹಿಡಿದು ಇತಿಹಾಸಕ್ಕೆ ಮರಳಿ ತರುವುದು ಎಂಥ ಕೆಲಸ ಎಂಬುದನ್ನು ಸಭೆಗೆ ಬಿಡಿಸಿ ಹೇಳಬಹುದು. ಭಟ್ಟಾರಕರು ಇದ್ದರೂ ಹೇಳಬಹುದು, ಅವರ ಮಠಗಳ ಓಲೆಗರಿಗಳಿಲ್ಲದೆ ಈ ವಿದ್ವತ್ತೇ ಇಲ್ಲ ಎಂಬುದನ್ನೂ ಸೇರಿಸಿ.

ನಾಲ್ಕು ದಿನ ಬಿಟ್ಟು ಅವಳು ಅಭ್ಯಾಸದ ಭಾಷಣ ಕಳಿಸಿದಳು. ನಡುವಿನ ಭಾಗ ಹೀಗಿತ್ತು:

"ಸರ್ ಅವರ ಕೈಗೆ ಬಂದದ್ದು ಹೆಸರಿಲ್ಲದ ಕವಿಯ ಕಾವ್ಯ. ಸಂಸ್ಕೃತದ ಒಂದು ಪುರಾಣ ಕವಿಯ ಹೆಸರು ಹೇಳದೆ ಸುಮ್ಮನಾಗಿತ್ತು. ಪ್ರಾಕೃತದ ಒಂದು ಪದ್ಯ ಅಡ್ಡಹೆಸರು ಹೇಳಿತು. ಪೂರ್ತಿ ಹೆಸರು ಹೇಳಿದ್ದು ನಮ್ಮ ಚಾವುಂಡರಾಯ. ಮೂರು ಭಾಷೆಯ ಮೂವರು ಸಾಕ್ಷಿಗಳನ್ನು ಒಂದೇ ಕಟಕಟೆಗೆ ತಂದವರು ಸರ್. ಕೊಪ್ಪಳದ ಬಂಡೆಯ ಮೇಲಿನ ಪಾದಗಳೂ ಅದೇ ಕವಿಯವಿರಬಹುದು. ಇರಬಹುದು ಎಂದೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಹೇಳಿದರೆ ಸರ್ ನನ್ನನ್ನು ಕೂರಿಸಿಬಿಡುತ್ತಾರೆ. ಅವರು ಈ ಕಾವ್ಯವನ್ನು ಬರೆಯಲಿಲ್ಲ. ಬರೆದವನಿಗೆ ಅವನ ಪುಸ್ತಕವನ್ನು ಹಿಂದಕ್ಕೆ ಕೊಟ್ಟರು."

ಕೊನೆಯ ವಾಕ್ಯಕ್ಕೆ ನಾನು ಕೈ ಹಚ್ಚಲಿಲ್ಲ. ಇನ್ನು ನಿನ್ನ ಮೇಡಂ ಬಗ್ಗೆ ಇದೇ ರೀತಿ ಬರೆ ಎಂದೆ.

ಅಲ್ಲಿ ಶುರುವಾಯಿತು ಕಷ್ಟ. ಮೇಡಂ ಕೊಠಡಿಯ ಎದುರಿಗೇ ಆರು ವರ್ಷ ಕೂತಿದ್ದಳು, ಅವರ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ. ನಾಚಿಕೆಪಟ್ಟುಕೊಂಡೇ ಹೇಳಿದಳು. ನಾನು ಆಶ್ಚರ್ಯಪಡಲಿಲ್ಲ, ನಾನೂ ಓದಿರಲಿಲ್ಲವಲ್ಲ ಆ ಹದಿನಾಲ್ಕರಲ್ಲಿ ಒಂದನ್ನೂ. ಪೂರ್ತಿ ಓದಲು ಸಮಯವಿಲ್ಲದಿದ್ದರೆ ಮೂರು ಕಡೆ ಕಣ್ಣು ಹಾಯಿಸು ಎಂದೆ. ಪ್ರಸ್ತಾವನೆಯಲ್ಲಿ 'ಇದುವರೆಗೆ ಹೀಗೆ ತಿಳಿಯಲಾಗಿತ್ತು' ಎಂಬ ಧಾಟಿಯ ವಾಕ್ಯ ಎಲ್ಲಿ ಬರುತ್ತದೆ ನೋಡು, ಅದರ ಮುಂದಿನ ಪುಟದಲ್ಲೇ ಅವರ ಸ್ವಂತ ಕೆಲಸ ಇರುತ್ತದೆ. ಅನುಬಂಧದ ಪದಸೂಚಿ ಯಾರು ಮಾಡಿದ್ದು ಎಂದು ಕೇಳು. ಬೇರೆಯವರ ಪುಸ್ತಕಗಳಲ್ಲಿ ಇವರ ಹೆಸರು ಯಾವ ಮಾತಿಗೆ ಅಡಿಟಿಪ್ಪಣಿಯಾಗಿ ಬಂದಿದೆ ಹುಡುಕು. ವಿದ್ವತ್ತು ಎಲ್ಲಿ ತಾಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ, ಸನ್ಮಾನಪತ್ರದಲ್ಲಿ ಅಲ್ಲ.

ಪದಸೂಚಿಯ ಪ್ರಶ್ನೆಯೇ ಫಲ ಕೊಟ್ಟಿತು. ಮೇಡಂ ಸಂಪಾದಿಸಿದ ಪ್ರಾಕೃತ ಕಥಾಸಂಗ್ರಹದ ಕೊನೆಯ ಎಪ್ಪತ್ತು ಪುಟಗಳ ಪದಸೂಚಿಯನ್ನು ಅವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬರೇ ಮಾಡಿದ್ದರಂತೆ. ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿ, ಬಿಸ್ಕೆಟ್ ಡಬ್ಬಿಗಳಲ್ಲಿ ಅಕಾರಾದಿಯಾಗಿ ಜೋಡಿಸಿ. ಡಬ್ಬಿಗಳು ಇನ್ನೂ ವಿಭಾಗದ ಬೀರುವಿನ ಮೇಲಿದ್ದವು. ಆರು ವರ್ಷದಿಂದ ಅವಳು ಅವನ್ನು ಬಿಸ್ಕೆಟ್ ಡಬ್ಬಿ ಎಂದೇ ತಿಳಿದಿದ್ದಳು.

ಭಾಷಣದ ದಿನ ಒಂದು ಡಬ್ಬಿಯನ್ನು ವೇದಿಕೆಗೆ ತಂದು, ಒಂದು ಚೀಟಿ ತೆಗೆದು ಓದಿದಳು. ಪದ, ಪುಟ, ಸಾಲು. ಆ ಪದ ಆ ಕಥೆಯಲ್ಲಿ ಒಂದೇ ಕಡೆ ಬರುತ್ತದೆ ಎಂಬುದರಿಂದ ಮೇಡಂ ಒಂದು ಪದ್ಯ ಆಮೇಲೆ ಸೇರಿಸಿದ್ದಿರಬೇಕು ಎಂದು ಹೇಗೆ ಶಂಕಿಸಿದರು ಎಂದು ವಿವರಿಸಿದಳು. ಒಟ್ಟು ಏಳೂವರೆ ನಿಮಿಷ. ನಾನು ಹಿಂದೆ ಕೂತು ಎಣಿಸುತ್ತಿದ್ದೆ.

ಊಟದ ಸಾಲಿನಲ್ಲಿ ಮೇಡಂ ಅವಳ ಹತ್ತಿರ ಬಂದು, "ಚೆನ್ನಾಗಿ ಹೇಳಿದೆ. ಆದರೆ ಆ ಪದ ಇನ್ನೊಂದು ಕಡೆಯೂ ಇದೆ. ಪುಸ್ತಕ ಅಚ್ಚಾದ ಮೇಲೆ ನನಗೆ ಕಾಣಿಸ್ತು. ಶುದ್ಧಿಪತ್ರ ಬರೆದಿಟ್ಟಿದೀನಿ, ಎರಡನೇ ಡಬ್ಬಿಯಲ್ಲಿದೆ ನೋಡು" ಎಂದರು.